ಕ್ರಿಯಾಪದದ ಪಕ್ಕದಲ್ಲಿ ಕೂತವರು

ಆಫೀಸಿನಲ್ಲಿ ದಿನವೂ ಓಡಾಡುವಂಥ ಒಂದು ಮೇಲ್ ನೋಡಿ: ‘ಒನ್ ಆಫ್ ದ ಇನ್‌ವಾಯ್ಸ್ ಆರ್ ಮಿಸ್ಸಿಂಗ್. ಈಚ್ ಆಫ್ ದ ವೆಂಡರ್ಸ್ ಹ್ಯಾವ್ ಬೀನ್ ಇನ್‌ಫಾರ್ಮ್ಡ್. ನೈದರ್ ದ ಟೀಮ್ ಮೆಂಬರ್ಸ್ ನಾರ್ ದ ಮ್ಯಾನೇಜರ್ ಹ್ಯಾವ್ ರಿಪ್ಲೈಡ್.’ ಮೂರು ವಾಕ್ಯ, ನಾಲ್ಕು ತಪ್ಪು. ಸ್ಪೆಲಿಂಗ್ ಮಾತ್ರ ಎಲ್ಲೂ ಕೆಟ್ಟಿಲ್ಲ. ಹಾಗಾಗಿ ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

ಮೊದಲ ವಾಕ್ಯದಲ್ಲೇ ಎರಡು ತಪ್ಪುಗಳಿವೆ. ನಾವು ‘ಹತ್ತು ಬಿಲ್ಲು’ ಎಂದರೆ ಸಾಕು, ‘ಬಿಲ್ಲುಗಳು’ ಎನ್ನಲೇಬೇಕೆಂದಿಲ್ಲ. ಇಂಗ್ಲಿಷಿಗೆ ಆ ಸಡಿಲ ಇಲ್ಲ. ಹಲವುಗಳಲ್ಲಿ ಒಂದು ಎಂದ ಮೇಲೆ ‘ಇನ್‌ವಾಯ್ಸಸ್’ ಆಗಲೇಬೇಕು. ಆದರೆ ಕಾಣೆಯಾದದ್ದು ಒಂದೇ, ಆದ್ದರಿಂದ ಕ್ರಿಯಾಪದ ‘ಈಸ್’. ಕನ್ನಡದಲ್ಲಿ ‘ಬಿಲ್ಲುಗಳಲ್ಲಿ ಒಂದು ಕಾಣೆಯಾಗಿದೆ’ ಎನ್ನುವಾಗ ‘ಒಂದು’ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತದೆ, ತಪ್ಪಲು ದಾರಿಯೇ ಇಲ್ಲ. ಇಂಗ್ಲಿಷಿನಲ್ಲಿ ‘ಒನ್’ ಮುಂದೆ ಹೋಗಿ ಕೂರುತ್ತದೆ. ಕ್ರಿಯಾಪದದ ಪಕ್ಕಕ್ಕೆ ಬಹುವಚನ ಬಂದು, ಕೈ ತಾನಾಗಿ ‘ಆರ್’ ಎಂದು ಟೈಪ್ ಮಾಡುತ್ತದೆ. ‘ಆಫ್’ನಿಂದ ಬಹುವಚನದವರೆಗಿನ ತುಂಡನ್ನು ಬೆರಳಿನಿಂದ ಮುಚ್ಚಿ ಓದಿದರೆ ‘ಒನ್ ಆರ್’ ಎಂಬುದು ಕೂಡಲೇ ಕಿವಿಗೆ ಚುಚ್ಚುತ್ತದೆ.

ಎರಡನೆಯದಕ್ಕೂ ಇದೇ ಪರೀಕ್ಷೆ. ‘ಈಚ್ ಹ್ಯಾಸ್’ ಆಗಬೇಕು. ಇಲ್ಲಿ ನಮ್ಮ ಭಾಷೆಯೇ ಕಾಲು ಎಳೆಯುತ್ತದೆ: ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂದು ಬಹುವಚನದಲ್ಲೇ ಹೇಳಿ ಬೆಳೆದವರು ನಾವು.

ಮೂರನೆಯದು ಸ್ವಲ್ಪ ಬೇರೆ ಜಾತಿ. ‘ಮ್ಯಾನೇಜರೂ ಉತ್ತರಿಸಿಲ್ಲ, ಟೀಮಿನವರೂ ಉತ್ತರಿಸಿಲ್ಲ.’ ನಮ್ಮ ‘ಇಲ್ಲ’ ಯಾರಿಗೂ ಬದಲಾಗುವುದಿಲ್ಲ; ನಾನಾಗಲಿ, ಅವಳಾಗಲಿ, ಅವರಾಗಲಿ, ಅದೇ ‘ಇಲ್ಲ’. ಎಣಿಸುವ ಅಭ್ಯಾಸವೇ ನಮಗಿಲ್ಲ! ಇಂಗ್ಲಿಷಿನಲ್ಲಿ ‘ನೈದರ್–ನಾರ್’, ‘ಐದರ್–ಆರ್’ ಬಂದಾಗ ಕ್ರಿಯಾಪದ ತನಗೆ ಹತ್ತಿರವಿರುವ ಹೆಸರನ್ನು ನೋಡುತ್ತದೆ. ಮೇಲಿನ ವಾಕ್ಯದಲ್ಲಿ ಹತ್ತಿರ ಇರುವವರು ಮ್ಯಾನೇಜರ್ ಒಬ್ಬರೇ, ಹಾಗಾಗಿ ‘ಹ್ಯಾಸ್’. ಒಂದು ಸಾಲಿನ ಹಿಂದೆ ಪಕ್ಕದವರನ್ನು ಮರೆಯಿರಿ ಎಂದು, ಈಗ ಪಕ್ಕದವರನ್ನೇ ನೋಡಿ ಎನ್ನುತ್ತಿದ್ದೇನೆ, ತಬ್ಬಿಬ್ಬಾಗುವುದು ಸಹಜ. ಬಹುವಚನವನ್ನು ಕೊನೆಗೆ ತಂದರೆ ವಾಕ್ಯ ಸಲೀಸಾಗುತ್ತದೆ: ‘ನೈದರ್ ದ ಮ್ಯಾನೇಜರ್ ನಾರ್ ದ ಟೀಮ್ ಮೆಂಬರ್ಸ್ ಹ್ಯಾವ್ ರಿಪ್ಲೈಡ್.’

‘ನೈದರ್ ಮೈ ಕಲೀಗ್ ನಾರ್ ಐ’ ಎಂದು ಶುರುವಾದರೆ ನಿಯಮದ ಪ್ರಕಾರ ‘ಆಮ್’ ಬರಬೇಕು. ಅದು ಸರಿಯಾದರೂ ಕೇಳಲು ವಿಚಿತ್ರ. ಅಲ್ಲಿ ‘ಬೋತ್ ಆಫ್ ಅಸ್ ಆರ್ ಆನ್ ಲೀವ್’ ಎಂದು ಬರೆದು ಸೆಂಡ್ ಒತ್ತಿಬಿಡುವುದೇ ನನ್ನ ಪದ್ಧತಿ.