ಖರ್ಚಿನ ಹಾದಿಗೂ ಬೇಕು ಕೆಂಪು ದೀಪ

ಮಾರ್ಚ್ ಹತ್ತಿರವಾದಾಗ ಹಣ ಸಾಲದೆ ವಿಭಾಗದ ಮುಖ್ಯಸ್ಥರು ಪರದಾಡುವುದು ಹೊಸತೇನಲ್ಲ. ಈ ಕೊರತೆಯ ಸುಳಿವು ವರ್ಷದ ನಡುವೆಯೇ ಸಿಗಲೆಂದು ಹಸಿರು, ಹಳದಿ, ಕೆಂಪು ಬಣ್ಣಗಳ ಮಾಸಿಕ ಆಯವ್ಯಯ ತಖ್ತೆಯನ್ನು ಇಟ್ಟುಕೊಳ್ಳಲಾಗುತ್ತದೆ. ಆದರೆ ಅದು ಅಳೆಯುವ ಅಂಕಿಯೇ ತಪ್ಪಾಗಿದ್ದರೆ, ಹಣ ಮುಗಿಯುವವರೆಗೂ ಹಸಿರು ದೀಪವೇ ಉರಿಯುತ್ತಿರುತ್ತದೆ.

ಆಸ್ಪತ್ರೆಯೊಂದರ ಕಟ್ಟಡ ನಿರ್ವಹಣಾ ವಿಭಾಗಕ್ಕೆ ವರ್ಷಕ್ಕೆ 60 ಲಕ್ಷ ರೂಪಾಯಿ ಮಂಜೂರಾಗಿದೆ ಎಂದುಕೊಳ್ಳೋಣ. ಏಪ್ರಿಲ್‌ನಿಂದ ಆಗಸ್ಟ್ ಅಂತ್ಯದವರೆಗೆ ಪಾವತಿಯಾದದ್ದು 23 ಲಕ್ಷ. ತಿಂಗಳಿಗೆ 5 ಲಕ್ಷದಂತೆ ಐದು ತಿಂಗಳ ಪಾಲು 25 ಲಕ್ಷ. ಆದ್ದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆದರೆ ಮಳೆಗಾಲದಲ್ಲಿ ನಡೆದ ಚಾವಣಿ ಹಾಗೂ ಜನರೇಟರ್ ದುರಸ್ತಿಯ 4 ಲಕ್ಷದ ಬಿಲ್ಲುಗಳು ಇನ್ನೂ ಬಂದಿಲ್ಲ. ಕಾರ್ಯಾದೇಶ ಹೊರಟ ದಿನವೇ ಆ ಹಣ ವಿಭಾಗದ ಕೈಬಿಟ್ಟಿದೆ. ಪಾವತಿಯ ಪುಸ್ತಕಕ್ಕೆ ಮಾತ್ರ ಅದರ ಅರಿವಿಲ್ಲ. ಜೊತೆಗೆ ಖರ್ಚು ಎಲ್ಲ ತಿಂಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ವಾರ್ಷಿಕ ಗುತ್ತಿಗೆಗಳ ನವೀಕರಣವೂ ಸೇರಿ ಉಳಿದ ಏಳು ತಿಂಗಳಿಗೆ ಬೇಕಾದದ್ದು 36 ಲಕ್ಷ.

ಹೀಗಾಗಿ ತಖ್ತೆಯಲ್ಲಿ ಪಾವತಿ, ಬಾಕಿ ಬದ್ಧತೆ, ಉಳಿದ ತಿಂಗಳುಗಳ ಅಂದಾಜು ಎಂಬ ಮೂರು ಅಂಕಣಗಳಿರಬೇಕು. ಇವುಗಳ ಮೊತ್ತವನ್ನು ಮಂಜೂರಾದ ಹಣದಿಂದ ಭಾಗಿಸಬೇಕು. ಮಂಜೂರಾತಿ B ಅಂಕಣದಲ್ಲಿದ್ದು, ಉಳಿದ ಮೂರು ಕ್ರಮವಾಗಿ C, D, E ಅಂಕಣಗಳಲ್ಲಿದ್ದರೆ ಸೂತ್ರ ಹೀಗಿರುತ್ತದೆ:

```
=(C2+D2+E2)/B2
```

ಇಲ್ಲಿ ಮೊತ್ತ 63 ಲಕ್ಷ, ಉತ್ತರ 1.05. ಅಂದರೆ ವರ್ಷಾಂತ್ಯಕ್ಕೆ ಶೇ 5ರಷ್ಟು ಅಧಿಕ ವೆಚ್ಚ. 1ರವರೆಗೆ ಹಸಿರು, 1.03ರವರೆಗೆ ಹಳದಿ, ಅದನ್ನು ದಾಟಿದರೆ ಕೆಂಪು ಎಂದು ವಿಭಾಗ ಮಿತಿ ನಿಗದಿಪಡಿಸಿದ್ದರೆ, ಹಸಿರೆಂದು ತೋರುತ್ತಿದ್ದ ವಿಭಾಗ ಕೆಂಪಿಗೆ ಬರುತ್ತದೆ.

ಬಣ್ಣ ಹಚ್ಚುವಲ್ಲಿಯೂ ಒಂದು ಎಡವಟ್ಟು ಕಾದಿರುತ್ತದೆ. ಎಕ್ಸೆಲ್‌ನ ಸಿದ್ಧ ದೀಪಗಳು (Icon Sets) ತಾವಾಗಿಯೇ ಈ ಮಿತಿಗಳನ್ನು ಅನುಸರಿಸುವುದಿಲ್ಲ. ಆಯ್ದ ಸಾಲುಗಳ ಕನಿಷ್ಠ, ಗರಿಷ್ಠ ಅಂಕಿಗಳ ನಡುವಿನ ಅಂತರವನ್ನು ಮೂರು ಪಾಲು ಮಾಡಿ, ದೊಡ್ಡ ಅಂಕಿಗೆ ಹಸಿರು ದೀಪ ಕೊಡುತ್ತವೆ. ಅಂದರೆ ಅತಿ ಹೆಚ್ಚು ಖರ್ಚಿನ ಬಾಬ್ತಿಗೇ ಹಸಿರು! Type ಎಂಬಲ್ಲಿ Percent ಬದಲು Number ಆಯ್ದು, >= ಬದಲು > ಚಿಹ್ನೆ ಆಯ್ದು, ಮಿತಿಗಳನ್ನು ಬರೆದು, Reverse Icon Order ಒತ್ತಿದರೆ ಇದು ಸರಿಹೋಗುತ್ತದೆ. ಒಂದು ಸಾಲಿನಲ್ಲಿ 1.05 ಎಂದು ಬರೆದು ನೋಡಿದರೆ, ಕೆಂಪು ದೀಪ ಬರುತ್ತದೆಯೇ ಎಂಬುದು ತಿಳಿಯುತ್ತದೆ.

ತಖ್ತೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಖ್ಯಸ್ಥರ ಮೇಜಿಗೆ ಬಂದರೆ, ಇನ್ನೂ ಕಾರ್ಯಾದೇಶ ನೀಡದ 36 ಲಕ್ಷದ ಕೆಲಸಗಳಲ್ಲಿ 3 ಲಕ್ಷದಷ್ಟನ್ನು ಮುಂದೂಡಬಹುದು, ಇಲ್ಲವೇ ಹೆಚ್ಚುವರಿ ಹಣಕ್ಕೆ ಕಾರಣಸಹಿತ ಬೇಡಿಕೆ ಸಲ್ಲಿಸಬಹುದು. ಅದೇ ಕೆಂಪು ದೀಪ ಫೆಬ್ರುವರಿಯಲ್ಲಿ ಉರಿದರೆ, ಆ ವೇಳೆಗೆ ಬಹುತೇಕ ಆದೇಶಗಳು ಹೊರಟುಹೋಗಿರುತ್ತವೆ. ಆಗ ಮುಖ್ಯಸ್ಥರ ಪಾಲಿಗೆ ಉಳಿಯುವುದು ಸಮಜಾಯಿಷಿ ಬರೆಯುವ ಕೆಲಸವಷ್ಟೇ.