ಎರಡು ಸಿಲಿಂಡರ್, ಮೂರು ಬಗೆಯ ನಡುಕ

ಎಂಜಿನ್‌ ನಡುಗಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಇಂಧನ ಉರಿದಾಗ ಪಿಸ್ಟನ್ ಮೇಲೆ ಬೀಳುವ ಹೊಡೆತ. ಇನ್ನೊಂದು, ಮೇಲೆ ಕೆಳಗೆ ಓಡುವ ಪಿಸ್ಟನ್‌ನ ತೂಕ. ಹೊಡೆತಗಳು ಸಮ ಅಂತರದಲ್ಲಿ ಬೀಳಬೇಕು, ಪಿಸ್ಟನ್‌ಗಳ ಸೆಳೆತ ಒಂದಕ್ಕೊಂದು ವಜಾ ಆಗಬೇಕು. ಎರಡು ಸಿಲಿಂಡರ್‌ಗಳು ಪಕ್ಕಪಕ್ಕ ನಿಂತ ಬೈಕ್ ಎಂಜಿನ್‌ನಲ್ಲಿ ಇವೆರಡೂ ಒಟ್ಟಿಗೆ ಸಿಗುವುದಿಲ್ಲ.

ಫೋರ್ ಸ್ಟ್ರೋಕ್ ಎಂಜಿನ್‌ನ ಪ್ರತಿ ಸಿಲಿಂಡರ್ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಒಮ್ಮೆ ಉರಿಯುತ್ತದೆ. ಸಿಲಿಂಡರ್ ಎರಡಿದ್ದರೆ 360 ಡಿಗ್ರಿಗೊಂದು ಹೊಡೆತ ಬಿದ್ದರೆ ಸಮ. ಎಡ್ವರ್ಡ್ ಟರ್ನರ್ ರೂಪಿಸಿ 1937ರಲ್ಲಿ ಬಂದ ಟ್ರಯಂಫ್ ಸ್ಪೀಡ್ ಟ್ವಿನ್‌ನಲ್ಲಿ ಹೀಗೇ ಇತ್ತು. ಆದರೆ ಅದಕ್ಕಾಗಿ ಎರಡೂ ಪಿಸ್ಟನ್‌ಗಳು ಜೊತೆಯಾಗಿ ಏರಿ ಜೊತೆಯಾಗಿ ಇಳಿಯಬೇಕು. ಆಗ ಅವು ಒಂದೇ ಭಾರದ ಪಿಸ್ಟನ್‌ನಂತೆ ಎಂಜಿನ್‌ ಅನ್ನು ಕುಲುಕುತ್ತವೆ. ಎಂಜಿನ್ ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ.

ಒಂದು ಪಿಸ್ಟನ್ ಏರುವಾಗ ಇನ್ನೊಂದು ಇಳಿಯುವಂತೆ 180 ಡಿಗ್ರಿ ಕ್ರ್ಯಾಂಕ್ ಇಟ್ಟರೆ ಈ ಕುಲುಕು ಬಹುಪಾಲು ವಜಾ ಆಗುತ್ತದೆ. ಆದರೆ ಹೊಡೆತಗಳ ಲಯ ಕೆಡುತ್ತದೆ: 180 ಡಿಗ್ರಿಗೆ ಒಂದು, ಆಮೇಲೆ 540 ಡಿಗ್ರಿ ಕಾದು ಮತ್ತೊಂದು. ಜೊತೆಗೆ, ಪಿಸ್ಟನ್‌ಗಳು ಅಕ್ಕಪಕ್ಕ ಇರುವುದರಿಂದ ಕ್ರ್ಯಾಂಕ್‌ನ ಎರಡು ತುದಿಗಳು ತಕ್ಕಡಿಯಂತೆ ತೂಗಾಡುತ್ತವೆ.

ಇನ್ನೊಂದು ಸೂಕ್ಷ್ಮವೂ ಇದೆ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ಮೇಲ್ತುದಿಯಲ್ಲಿ ಹಿಂತಿರುಗುವಾಗ ಹುಟ್ಟುವ ಬಲ ಕೆಳತುದಿಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚು. ಹಾಗಾಗಿ ಎದುರುಬದುರು ಓಡುವ ಪಿಸ್ಟನ್‌ಗಳೂ ಪೂರ್ತಿ ವಜಾ ಆಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಬಾರಿ ಸಣ್ಣ ನಡುಕ ಉಳಿಯುತ್ತದೆ.

ಇದಕ್ಕೆ ಉತ್ತರವೇ 270 ಡಿಗ್ರಿ ಕ್ರ್ಯಾಂಕ್. 1995ರ ಯಮಹಾ ಟಿಆರ್‌ಎಕ್ಸ್ 850ರಲ್ಲಿ, ಈಗ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ಯಲ್ಲಿ ಇರುವುದು ಇದು. ಒಂದು ಪಿಸ್ಟನ್ ತುದಿಯಲ್ಲಿ ನಿಂತಿರುವಾಗ ಇನ್ನೊಂದು ನಡುದಾರಿಯಲ್ಲಿ ಓಡುತ್ತಿರುತ್ತದೆ. ಈ ಕಾಲು ಸುತ್ತಿನ ಅಂತರದಿಂದ ಆ ಎರಡನೇ ನಡುಕ ವಜಾ ಆಗುತ್ತದೆ. ಮೊದಲ ಕುಲುಕು ಮಾತ್ರ ಉಳಿಯುತ್ತದೆ. ಅದನ್ನು ಕ್ರ್ಯಾಂಕ್‌ನ ವಿರುದ್ಧ ದಿಕ್ಕಿಗೆ ತಿರುಗುವ, ತೂಕ ಕಟ್ಟಿದ ಬ್ಯಾಲೆನ್ಸರ್ ಶಾಫ್ಟ್ ತಡೆಯುತ್ತದೆ. ಹೊಡೆತಗಳು 270 ಮತ್ತು 450 ಡಿಗ್ರಿಗಳಲ್ಲಿ ಬೀಳುವುದರಿಂದ ಸದ್ದು ಸ್ವಲ್ಪ ಒಡೆದಂತೆ ಕೇಳಿಸುತ್ತದೆ.

ಓಡಿಸುವಾಗ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಬಹುದು. ಹೊಡೆತದ ಏರುಪೇರು ನಿಧಾನವಾಗಿ ಹೋಗುವಾಗ ಚೈನಿನ ಜಗ್ಗಾಟವಾಗಿ ತಿಳಿಯುತ್ತದೆ. ತೂಕದ ಏರುಪೇರು ವೇಗ ಹೆಚ್ಚಿದಾಗ ಹ್ಯಾಂಡಲ್ ಜುಮ್ಮೆನ್ನುವುದರಲ್ಲಿ, ಕನ್ನಡಿಯ ಬಿಂಬ ಮಸುಕಾಗುವುದರಲ್ಲಿ ಕಾಣುತ್ತದೆ.

ಎರಡೂ ಗುಣ ಒಟ್ಟಿಗೆ ಬೇಕಾದರೆ ಒಂದೇ ಸಾಲಿನ ಆರು ಸಿಲಿಂಡರ್ ಬೇಕು. ಅಲ್ಲಿ 1-5-3-6-2-4 ಕ್ರಮದಲ್ಲಿ 120 ಡಿಗ್ರಿಗೊಂದು ಹೊಡೆತ ಬೀಳುತ್ತದೆ. ಮುಂದಿನ ಮೂರು ಪಿಸ್ಟನ್‌ಗಳ ತೂಗಾಟವನ್ನು ಹಿಂದಿನ ಮೂರು ಅಳಿಸುತ್ತವೆ. ಬ್ಯಾಲೆನ್ಸರ್ ಶಾಫ್ಟ್ ಬೇಕಾಗುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಎಂಜಿನ್‌ನ ಉದ್ದ.