ನೂರು ಕಿಲೋ ಮೆಣಸಿನಕಾಯಿ, 88 ಕಿಲೋ ಪುಡಿ

ಖಾರದ ಪುಡಿಯ ವ್ಯಾಪಾರ ಬೆಳೆದಿದೆ, ಕೈಯಲ್ಲಿ ಮಾತ್ರ ಕಾಸು ನಿಲ್ಲುತ್ತಿಲ್ಲ. ಇಂಥ ಮಾಲೀಕರಿಗೆ ಕಾಸ್ಟ್ ಅಕೌಂಟೆಂಟ್ ಬರೆಯುವ ಪತ್ರ ಮೊದಲು ಕೇಳುವುದು ತೂಕದ ಲೆಕ್ಕವನ್ನು.

ಕಿಲೋಗೆ 300 ರೂಪಾಯಿಯಂತೆ 100 ಕಿಲೋ ಬ್ಯಾಡಗಿ ಮೆಣಸಿನಕಾಯಿ ತಂದರು ಎನ್ನೋಣ. ಕೂಲಿ, ಕರೆಂಟಿಗೆ 3,000. ಮಾಲೀಕರ ಲೆಕ್ಕದಲ್ಲಿ ಕಿಲೋ ಪುಡಿಗೆ ಬಿದ್ದದ್ದು 330 ರೂಪಾಯಿ. ಆದರೆ ತೊಟ್ಟು ಬಿಡಿಸಿ, ಒಣಗಿಸಿ, ಬೀಸಿದ ಮೇಲೆ ಉಳಿದದ್ದು 88 ಕಿಲೋ. ನಿಜವಾದ ವೆಚ್ಚ 375! ಪ್ಯಾಕೆಟ್ಟಿನ ಖರ್ಚು ಇನ್ನೂ ಸೇರಿಲ್ಲ.

ಅದಕ್ಕೇ ಪ್ರತಿ ಬ್ಯಾಚಿಗೂ ಒಂದು ಚೀಟಿ ಇಡಿ ಎನ್ನುತ್ತದೆ ಪತ್ರ. ತಂದಾಗ, ಒಣಗಿಸಿದಾಗ, ಬೀಸಿದಾಗ ತೂಗಿ ಬರೆಯಬೇಕು. ಇಲ್ಲಿ ಶೇ. 12ರ ನಷ್ಟವನ್ನು ಸಹಜವೆಂದು ಹಿಡಿದರೆ, ಅದನ್ನು ಉಳಿದ ಪುಡಿಯೇ ಹೊರಬೇಕು. ಮೀರಿದ್ದನ್ನು ಬೆಲೆಗೆ ಸೇರಿಸದೆ ಬೇರೆ ಬರೆದಿಡಬೇಕು. ಒಣಗಿಸುವಾಗಲೇ ತೂಕ ತೀರಾ ಇಳಿದರೆ ಹಸಿ ಮಾಲು ಬಂದಿರಬಹುದು. ಬೀಸುವಾಗ ಇಳಿದರೆ ಪುಡಿ ಎಲ್ಲಿ ಸೋರುತ್ತಿದೆಯೆಂದು ಗಿರಣಿಯ ಬಳಿ ಹುಡುಕಬೇಕು.